ಒಂದು ‘ಫಸ್ಲ್’, ಹಲವು ಇಂಗ್ಲಿಷ್ ಅರ್ಥಗಳು: ಆಯ್ಕೆಯನ್ನು ಕಲಿಸುವ ಬಗೆ

ಅರಬ್ಬಿಯನ್ನು ಬೋಧನಾ ವಿಷಯವಾಗಿ ತೆಗೆದುಕೊಂಡ ಪ್ರಶಿಕ್ಷಣಾರ್ಥಿಗಳು ಅನುವಾದದ ಪಾಠ ಮಾಡುವಾಗ ಒಂದು ಪ್ರಶ್ನೆಯನ್ನು ಎದುರಿಸಲೇಬೇಕು. ನಿಘಂಟಿನಲ್ಲಿ ಒಂದೇ ಅರಬ್ಬಿ ಪದದ ಮುಂದೆ ಎಂಟೋ ಹತ್ತೋ ಇಂಗ್ಲಿಷ್ ಪದಗಳಿದ್ದರೆ ಯಾವುದನ್ನು ಬರೆಯಬೇಕು? ‘ಸಂದರ್ಭ ನೋಡಿ ಬರೆಯಿರಿ’ ಎಂಬ ಉತ್ತರ ತಪ್ಪಲ್ಲ. ಆದರೆ ಸಂದರ್ಭದಲ್ಲಿ ಏನನ್ನು ನೋಡಬೇಕು, ನಿಘಂಟನ್ನು ಯಾವ ಹಂತದಲ್ಲಿ ತೆರೆಯಬೇಕು, ಆರಿಸಿದ್ದು ಸರಿಯೇ ಎಂದು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಹೇಳದಿದ್ದರೆ ವಿದ್ಯಾರ್ಥಿ ಊಹೆಯ ಮೇಲೆಯೇ ಬರೆಯುತ್ತಾನೆ. ಈ ಲೇಖನದಲ್ಲಿ ‘ಫಸ್ಲ್’ ಎಂಬ ಒಂದೇ ಪದವನ್ನು ಹಿಡಿದು ಆ ಹಂತಗಳನ್ನು ವಿವರಿಸಲಾಗಿದೆ. ಅರಬ್ಬಿ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ, ಪದಾಂತ್ಯದ ವಿಭಕ್ತಿ ಸ್ವರಗಳನ್ನು ಬಿಟ್ಟು, ಸರಳವಾಗಿ ಬರೆದಿದೆ. ‘ಸಾದ್’ ಅಕ್ಷರಕ್ಕೆ ‘ಸ’ ಎಂದೇ ಬಳಸಿದೆ.

ಪದದ ಪರಿಚಯ

ಫಾ, ಸಾದ್, ಲಾಮ್ ಎಂಬ ಮೂರು ಅಕ್ಷರಗಳು ಈ ಪದದ ಧಾತು. ಧಾತುವಿನ ಮೂಲಾರ್ಥ ‘ಬೇರ್ಪಡಿಸು’. ವರ್ಷವನ್ನು ಭಾಗ ಮಾಡಿದರೆ ಸಿಗುವುದು ಋತು, ಪುಸ್ತಕವನ್ನು ಭಾಗ ಮಾಡಿದರೆ ಅಧ್ಯಾಯ, ನಾಟಕವನ್ನು ಭಾಗ ಮಾಡಿದರೆ ಅಂಕ. ಶಾಲೆಯ ಮಕ್ಕಳನ್ನು ಭಾಗ ಮಾಡಿ ಕೂರಿಸಿದರೆ ತರಗತಿ, ಶಾಲಾ ವರ್ಷವನ್ನು ಭಾಗ ಮಾಡಿದರೆ ಅವಧಿ ಅಥವಾ ಸೆಮಿಸ್ಟರ್. ನೌಕರನನ್ನು ಕೆಲಸದಿಂದ ಬೇರ್ಪಡಿಸುವುದು ವಜಾ. ಎರಡು ಪಕ್ಷಗಳ ವಾದದಲ್ಲಿ ಸರಿ-ತಪ್ಪುಗಳನ್ನು ಬೇರ್ಪಡಿಸುವುದು ತೀರ್ಪು. ಇವೆಲ್ಲಕ್ಕೂ ಅರಬ್ಬಿಯಲ್ಲಿ ‘ಫಸ್ಲ್’ ಎಂಬ ಒಂದೇ ಪದ ನಡೆಯುತ್ತದೆ. ಇಂಗ್ಲಿಷಿನಲ್ಲಾದರೋ ಸೀಸನ್, ಚಾಪ್ಟರ್, ಆಕ್ಟ್, ಕ್ಲಾಸ್, ಟರ್ಮ್, ಸೆಪರೇಶನ್, ಡಿಸ್ಮಿಸಲ್, ರೂಲಿಂಗ್ ಎಂದು ಪ್ರತಿಯೊಂದಕ್ಕೂ ಬೇರೆ ಪದವಿದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗುವುದಿಲ್ಲ.

ಈ ಧಾತು ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ ‘ಫಸಲು’ ಫಾರಸಿ, ಉರ್ದುಗಳ ದಾರಿಯಲ್ಲಿ ಬಂದ ಇದೇ ಪದ. ಜಮೀನಿನ ಪತ್ರಗಳಲ್ಲಿ ಕಾಣುವ ‘ತಪಸೀಲು’, ತೀರ್ಮಾನವಾಯಿತು ಎಂಬ ಅರ್ಥದ ‘ಫೈಸಲು’ ಕೂಡ ಇದೇ ಧಾತುವಿನ ಕುಡಿಗಳು. ಒಂದು ವಿವರಗಳನ್ನು ಬಿಡಿಬಿಡಿಯಾಗಿ ಕೊಡುವುದು, ಇನ್ನೊಂದು ವ್ಯಾಜ್ಯವನ್ನು ಕಡಿದು ಮುಗಿಸುವುದು. ಧಾತುವಿನ ಮೂಲಾರ್ಥವನ್ನು ತರಗತಿಯಲ್ಲಿ ತಿಳಿಸಲು ಈ ಮೂರು ಪದಗಳು ಒಳ್ಳೆಯ ಸಾಮಗ್ರಿ.

ಆದರೆ ಈ ಪರಿಚಯವೇ ಒಂದು ತೊಡಕನ್ನೂ ತರುತ್ತದೆ. ಕನ್ನಡದ ಫಸಲು ಎಂದರೆ ಬೆಳೆ. ಋತುವಿನಿಂದ ಆ ಋತುವಿನಲ್ಲಿ ಕೈಗೆ ಬರುವ ಬೆಳೆಗೆ ಅರ್ಥ ಜಾರಿದ್ದು ಅರಬ್ಬಿಯ ಹೊರಗೆ. ಅರಬ್ಬಿಯಲ್ಲಿ ಬೆಳೆಗೆ ‘ಮಹ್ಸೂಲ್’ ಎನ್ನುತ್ತಾರೆ. ಅದು ನಮ್ಮಲ್ಲಿಗೆ ‘ಮಹಸೂಲು’ ಆಗಿ ಬಂದು ಕಂದಾಯದ ಪದವಾಯಿತು. ಹೀಗಾಗಿ ‘ಇಂತಹಾ ಫಸ್ಲ್ ಅಸ್-ಸೈಫ್’ ಎಂಬ ವಾಕ್ಯವನ್ನು ಕೊಟ್ಟರೆ, ಕನ್ನಡ ಅಥವಾ ಉರ್ದು ಮನೆಮಾತಿನ ವಿದ್ಯಾರ್ಥಿ ‘ಬೇಸಿಗೆ ಬೆಳೆ ಮುಗಿಯಿತು’ ಎಂದು ಇಂಗ್ಲಿಷಿನಲ್ಲಿ ಬರೆಯುವ ಸಾಧ್ಯತೆಯಿದೆ. ಸರಿಯಾದ ಅರ್ಥ ‘ಬೇಸಿಗೆಯ ಋತು ಮುಗಿಯಿತು’.

ಯಾವ ತಪ್ಪು ಅಪಾಯಕಾರಿ?

ಮೇಲಿನ ಉದಾಹರಣೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ‘ಬೇಸಿಗೆ ಬೆಳೆ ಮುಗಿಯಿತು’ ಎಂಬುದು ಇಂಗ್ಲಿಷಿನಲ್ಲಿ ಓದಲು ಏನೂ ತೊಡಕಿಲ್ಲದ ವಾಕ್ಯ. ಅರ್ಥ ಕೆಟ್ಟಿದೆ ಎಂದು ಆ ವಾಕ್ಯ ತಾನಾಗಿ ಹೇಳುವುದಿಲ್ಲ.

ಪದದ ಆಯ್ಕೆಯಲ್ಲಿ ಆಗುವ ತಪ್ಪುಗಳು ಎರಡು ಬಗೆ. ಮೊದಲನೆಯದು ಕೂಡಲೇ ಕಣ್ಣಿಗೆ ಬೀಳುವಂಥದು. ‘ಸಚಿವಾಲಯವು ಶಿಕ್ಷಕನ ಅಧ್ಯಾಯವನ್ನು ತೀರ್ಮಾನಿಸಿತು’ ಎಂದು ವಿದ್ಯಾರ್ಥಿ ಬರೆದರೆ, ಅವನಿಗೇ ಎಲ್ಲೋ ಎಡವಿದೆ ಎಂದು ಗೊತ್ತಾಗುತ್ತದೆ. ಎರಡನೆಯದು ಸರಾಗವಾಗಿ ಓದಿಸಿಕೊಳ್ಳುವ ತಪ್ಪು. ‘ಫಸ್ಲ್ ಅಲ್-ಮುಅಲ್ಲಿಮ್’ ಎಂಬ ಎರಡು ಪದಗಳ ಜೋಡಣೆಯನ್ನು ನೋಡಿ. ಇದಕ್ಕೆ ‘ಶಿಕ್ಷಕರ ತರಗತಿ’ ಎಂದೂ ಅರ್ಥವಾಗುತ್ತದೆ, ‘ಶಿಕ್ಷಕರ ವಜಾ’ ಎಂದೂ ಅರ್ಥವಾಗುತ್ತದೆ. ಎರಡರ ಬರವಣಿಗೆಯಲ್ಲಿ ಒಂದು ಅಕ್ಷರದ ವ್ಯತ್ಯಾಸವೂ ಇಲ್ಲ. ವಜಾ ಎಂದಿರುವಲ್ಲಿ ತರಗತಿ ಎಂದು ಬರೆದರೆ ಇಂಗ್ಲಿಷ್ ವಾಕ್ಯ ಚೆನ್ನಾಗಿಯೇ ಇರುತ್ತದೆ, ಆದರೆ ಒಬ್ಬನು ಕೆಲಸ ಕಳೆದುಕೊಂಡ ಸುದ್ದಿಯೇ ಅನುವಾದದಲ್ಲಿ ಇಲ್ಲವಾಗುತ್ತದೆ.

ಆದ್ದರಿಂದ ‘ಇಂಗ್ಲಿಷಿನಲ್ಲಿ ಓದಿ ನೋಡಿ, ಸರಿಯೆನಿಸಿದರೆ ಸರಿ’ ಎಂಬ ಪರೀಕ್ಷೆ ಸಾಲದು. ಈ ಅರ್ಥವನ್ನೇ ಆರಿಸಲು ಅರಬ್ಬಿ ವಾಕ್ಯದ ಯಾವ ಪದ ಆಧಾರ ಕೊಟ್ಟಿತು ಎಂದು ವಿದ್ಯಾರ್ಥಿ ಬೆರಳಿಟ್ಟು ತೋರಿಸಬೇಕು. ಮುಂದಿನ ಎಲ್ಲ ಹಂತಗಳೂ ಆ ಆಧಾರವನ್ನು ಹುಡುಕುವ ದಾರಿಗಳು.

ಮೊದಲ ಹಂತ: ಇದು ‘ಫಸ್ಲ್’ ಹೌದೇ?

ಪತ್ರಿಕೆ, ಪುಸ್ತಕಗಳ ಅರಬ್ಬಿಯಲ್ಲಿ ಹ್ರಸ್ವ ಸ್ವರಚಿಹ್ನೆಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಾಗಿ ಫಾ-ಸಾದ್-ಲಾಮ್ ಎಂಬ ಮೂರು ಅಕ್ಷರಗಳನ್ನು ‘ಫಸ್ಲ್’ ಎಂಬ ನಾಮಪದವಾಗಿ ಓದಬಹುದು, ‘ಫಸಲ’ ಅಂದರೆ ‘ಬೇರ್ಪಡಿಸಿದನು’ ಎಂದೂ ಓದಬಹುದು. ‘ಫುಸಿಲ’ ಎಂದರೆ ‘ಬೇರ್ಪಡಿಸಲ್ಪಟ್ಟನು’ ಅಥವಾ ‘ವಜಾಗೊಂಡನು’. ನಡುವಿನ ಅಕ್ಷರವನ್ನು ಒತ್ತಿ ‘ಫಸ್ಸಲ’ ಎಂದರೆ ‘ವಿವರವಾಗಿ ಹೇಳಿದನು’, ಬಟ್ಟೆಯ ವಿಷಯದಲ್ಲಾದರೆ ‘ಅಳತೆಗೆ ಕತ್ತರಿಸಿದನು’. ಇಷ್ಟೇ ಅಲ್ಲ, ‘ಆದ್ದರಿಂದ’ ಎಂಬ ಅರ್ಥದ ‘ಫ’ ಮುಂದೆ ಸೇರಿ ‘ಫ-ಸಲ್ಲಿ’, ಅಂದರೆ ‘ಆದ್ದರಿಂದ ಪ್ರಾರ್ಥಿಸು’ ಎಂದಾದಾಗಲೂ ಕಾಣುವುದು ಇದೇ ಮೂರು ಅಕ್ಷರ. ಅದರ ಧಾತುವೇ ಬೇರೆ.

ನಾಮಪದವೋ ಕ್ರಿಯಾಪದವೋ ಎಂದು ತಿಳಿಯಲು ಹಿಂದಿನ ಪದವನ್ನು ನೋಡಬೇಕು. ‘ಅಲ್’ ಅಂಟಿಕೊಂಡಿದ್ದರೆ ನಾಮಪದ. ‘ಫೀ’, ‘ಮಿನ್’, ‘ಅನ್’ ಮುಂತಾದ ಸಂಬಂಧಸೂಚಕ ಅವ್ಯಯಗಳ ನಂತರ ಬಂದಿದ್ದರೂ ನಾಮಪದ. ವಾಕ್ಯದಲ್ಲಿ ಇನ್ನೊಂದು ಕ್ರಿಯಾಪದವಿದ್ದು ಇದು ಅದರ ಕರ್ತೃ ಅಥವಾ ಕರ್ಮದ ಸ್ಥಾನದಲ್ಲಿದ್ದರೂ ನಾಮಪದವೇ. ವಾಕ್ಯದ ಆರಂಭದಲ್ಲಿ ನಿಂತು, ಬೇರೆ ಕ್ರಿಯಾಪದ ಕಾಣದಿದ್ದರೆ ಮಾತ್ರ ‘ಫಸಲ’ ಅಥವಾ ‘ಫುಸಿಲ’ ಆಗಿರಬಹುದೇ ಎಂದು ಯೋಚಿಸಬೇಕು. ಈ ಹಂತವನ್ನು ದಾಟದೆ ನಿಘಂಟು ತೆರೆದರೆ ವಿದ್ಯಾರ್ಥಿ ಬೇರೆಯೇ ಪದದ ಅರ್ಥಗಳ ನಡುವೆ ಆರಿಸುತ್ತಿರುತ್ತಾನೆ.

ಎರಡನೆಯ ಹಂತ: ನೆರೆಯ ಪದಗಳು

ನಾಮಪದವೆಂದು ಖಚಿತವಾದ ಮೇಲೆ, ಇದು ಒಂದು ವಸ್ತುವಿನ ಅಥವಾ ಭಾಗದ ಹೆಸರೋ, ಒಂದು ಕ್ರಿಯೆಯ ಹೆಸರೋ ಎಂದು ಕೇಳಬೇಕು. ಋತು, ಅಧ್ಯಾಯ, ಅಂಕ, ತರಗತಿ, ಸೆಮಿಸ್ಟರ್ ಇವೆಲ್ಲ ಎಣಿಸಬಹುದಾದ ಭಾಗಗಳು. ಬೇರ್ಪಡಿಸುವಿಕೆ, ವಜಾ, ತೀರ್ಪು ಇವು ಕ್ರಿಯೆಗಳು. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಪಟ್ಟಿ ಕಡಿಮೆಯಾಗುತ್ತದೆ.

ಇಲ್ಲಿ ನೆರವಾಗುವ ಮೊದಲ ಗುರುತು ಬಹುವಚನ. ‘ಫುಸೂಲ್’ ಎಂದಿದ್ದರೆ ಅದು ಎಣಿಸುವ ಭಾಗಗಳ ಗುಂಪಿಗೆ ಸೇರಿದ್ದು. ‘ಅಲ್-ಫುಸೂಲ್ ಅಲ್-ಅರ್ಬಅ’ ಎಂದರೆ ನಾಲ್ಕು ಋತುಗಳು. ಕ್ರಿಯೆಯ ಅರ್ಥದ ‘ಫಸ್ಲ್’ ಸಾಮಾನ್ಯವಾಗಿ ಬಹುವಚನ ತಾಳುವುದಿಲ್ಲ. ಹಲವು ವಜಾಗಳಾದರೆ ಅರಬ್ಬಿಯಲ್ಲಿ ‘ಹಾಲಾತ್ ಫಸ್ಲ್’, ಅಂದರೆ ‘ವಜಾದ ಪ್ರಕರಣಗಳು’ ಎಂದು ಸುತ್ತು ಹಾಕಿ ಹೇಳುತ್ತಾರೆ.

ಎರಡನೆಯ ಗುರುತು ವಾಕ್ಯದ ಕ್ರಿಯಾಪದ. ಈ ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಹಲಗೆಯ ಮೇಲೆ ಬರೆಯಿರಿ:

ಜಾರತ್ ಅಲ್-ಮುದೀರಾ ಫಸ್ಲ್ ಅಲ್-ಮುಅಲ್ಲಿಮ್.
ಕರ್ರರತ್ ಅಲ್-ಮುದೀರಾ ಫಸ್ಲ್ ಅಲ್-ಮುಅಲ್ಲಿಮ್.

ಎರಡರಲ್ಲೂ ಮುಖ್ಯೋಪಾಧ್ಯಾಯಿನಿಯೇ ಕರ್ತೃ, ಎರಡರಲ್ಲೂ ‘ಫಸ್ಲ್ ಅಲ್-ಮುಅಲ್ಲಿಮ್’ ಕರ್ಮ. ಮೊದಲನೆಯದರ ಕ್ರಿಯಾಪದ ‘ಭೇಟಿ ಕೊಟ್ಟರು’. ಭೇಟಿ ಕೊಡುವುದು ಒಂದು ಸ್ಥಳಕ್ಕೆ, ಆದ್ದರಿಂದ ಅದು ತರಗತಿ. ಎರಡನೆಯದು ‘ನಿರ್ಧರಿಸಿದರು’. ನಿರ್ಧರಿಸುವುದು ಒಂದು ಕ್ರಿಯೆಯನ್ನು, ಆದ್ದರಿಂದ ಅದು ವಜಾ. ಬದಲಾದದ್ದು ಒಂದೇ ಪದ, ಅದರಿಂದಲೇ ಇನ್ನೊಂದು ಪದದ ಅರ್ಥ ಬದಲಾಯಿತು. ಸಂದರ್ಭ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ಬೇಕಿಲ್ಲ.

ಮೂರನೆಯ ಗುರುತು ಫಸ್ಲ್‌ನ ನಂತರ ಬರುವ ಅವ್ಯಯ. ಕೆಲಸದಿಂದ ವಜಾ ಎನ್ನುವಾಗ ಸಾಮಾನ್ಯವಾಗಿ ‘ಮಿನ್’ ಬರುತ್ತದೆ. ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದಾದರೆ ‘ಅನ್’, ಎರಡರ ನಡುವೆ ಬೇರ್ಪಡಿಸುವುದಾದರೆ ‘ಬೈನ’. ವ್ಯಾಜ್ಯದ ಬಗ್ಗೆ ತೀರ್ಪಾದರೆ ‘ಫೀ’. ಆದರೆ ಅವ್ಯಯವೊಂದನ್ನೇ ನೆಚ್ಚಬಾರದು. ‘ಅಲ್-ಫಸ್ಲ್ ಅಲ್-ಅವ್ವಲ್ ಮಿನ್ ಅಲ್-ಕಿತಾಬ್’ ಎಂಬಲ್ಲಿಯೂ ‘ಮಿನ್’ ಇದೆ, ಅದು ‘ಪುಸ್ತಕದ ಮೊದಲ ಅಧ್ಯಾಯ’. ‘ಫೀ’ ಕೂಡ ಕೇವಲ ಸ್ಥಳವನ್ನು ಸೂಚಿಸುತ್ತಿರಬಹುದು. ಅವ್ಯಯದ ನಂತರದ ನಾಮಪದವನ್ನೂ ಸೇರಿಸಿ ಓದಬೇಕು. ‘ಮಿನ್’ ನಂತರ ಕೆಲಸ, ಹುದ್ದೆ ಬಂದರೆ ವಜಾ, ಪುಸ್ತಕ ಬಂದರೆ ಅಧ್ಯಾಯ. ‘ಫೀ’ ನಂತರ ವ್ಯಾಜ್ಯ, ಪ್ರಕರಣ ಬಂದರೆ ತೀರ್ಪು, ಶಾಲೆ ಬಂದರೆ ತರಗತಿ.

ಮೂರನೆಯ ಹಂತ: ನಿಘಂಟು

ಇಷ್ಟಾದ ಮೇಲೆ ನಿಘಂಟು ತೆರೆಯಬೇಕು. ಮೊದಲೇ ತೆರೆದರೆ ವಿದ್ಯಾರ್ಥಿ ಪಟ್ಟಿಯ ಮೊದಲ ಪದವನ್ನೋ, ತನಗೆ ಮೊದಲೇ ಗೊತ್ತಿರುವ ಪದವನ್ನೋ ಎತ್ತಿಕೊಳ್ಳುತ್ತಾನೆ. ಒಂದು ಅಂದಾಜಿನೊಂದಿಗೆ ತೆರೆದರೆ ಅದನ್ನು ಪಟ್ಟಿಯಲ್ಲಿ ಹುಡುಕಿ ಪರೀಕ್ಷಿಸುತ್ತಾನೆ.

ಆಧುನಿಕ ಬರಹದ ಅರಬ್ಬಿಗೆ ಹೆಚ್ಚು ಬಳಕೆಯಲ್ಲಿರುವುದು ಹಾನ್ಸ್ ವೆರ್ ಅವರ ನಿಘಂಟು. ಮೂಲ ಜರ್ಮನ್, ಜೆ. ಮಿಲ್ಟನ್ ಕೋವನ್ ಸಂಪಾದಿಸಿದ ಇಂಗ್ಲಿಷ್ ರೂಪ 1961ರಲ್ಲಿ ಬಂದಿತು. ಇದು ಧಾತುವಿನ ಕ್ರಮದಲ್ಲಿದೆ. ‘ಅಲ್-ಫುಸೂಲ್’ ಎಂಬ ಪದವನ್ನು ಹುಡುಕಲು ‘ಅಲ್’ ತೆಗೆದು, ಬಹುವಚನದ ‘ವಾವ್’ ತೆಗೆದು, ಫಾ-ಸಾದ್-ಲಾಮ್ ಧಾತುವಿನ ಕೆಳಗೆ ನೋಡಬೇಕು. ಮೊದಲು ಕ್ರಿಯಾಪದದ ರೂಪಗಳು, ಆಮೇಲೆ ನಾಮಪದಗಳು ಬರುತ್ತವೆ. ರೋಹಿ ಬಾಲಬಕ್ಕಿ ಅವರ ‘ಅಲ್-ಮವ್ರಿದ್’ ನಿಘಂಟು ಪದಗಳನ್ನು ಇದ್ದ ರೂಪದಲ್ಲೇ ಅಕ್ಷರಾನುಕ್ರಮದಲ್ಲಿ ಕೊಡುತ್ತದೆ. ಧಾತು ತೆಗೆಯಲು ಇನ್ನೂ ಕಲಿಯದ ವಿದ್ಯಾರ್ಥಿಗೆ ಅದು ಸುಲಭ. ಎಡ್ವರ್ಡ್ ಲೇನ್ ಅವರ ದೊಡ್ಡ ಕೋಶ 1863ರಿಂದ 1893ರವರೆಗೆ ಭಾಗಭಾಗವಾಗಿ ಪ್ರಕಟವಾಯಿತು. ಅದು ಹಳೆಯ ಅರಬ್ಬಿ ಕೋಶಗಳನ್ನು ಆಧರಿಸಿದ್ದು, ಶಾಸ್ತ್ರೀಯ ಗ್ರಂಥಗಳ ಓದಿಗೆ ಬೇಕಾದದ್ದು. ಸೆಮಿಸ್ಟರ್ ಎಂಬ ಅರ್ಥವನ್ನು ಅಲ್ಲಿ ಹುಡುಕುವುದು ವ್ಯರ್ಥ.

ಹಾನ್ಸ್ ವೆರ್ ನಿಘಂಟನ್ನು ಓದುವಾಗ ವಿರಾಮಚಿಹ್ನೆಗಳನ್ನು ಗಮನಿಸಲು ಕಲಿಸಬೇಕು. ಅಲ್ಪವಿರಾಮದಿಂದ ಬೇರ್ಪಟ್ಟ ಇಂಗ್ಲಿಷ್ ಪದಗಳು ಹತ್ತಿರದ ಅರ್ಥದವು. ಅರ್ಧವಿರಾಮ ಬಂದರೆ ಅಲ್ಲಿಂದ ಬೇರೆ ಅರ್ಥದ ವಲಯ ಶುರು. ಇದನ್ನು ಅರಿಯದ ವಿದ್ಯಾರ್ಥಿಗೆ ಇಡೀ ಪಟ್ಟಿ ಒಂದೇ ಸಾಲಿನ ಸಮಾನಾರ್ಥಕಗಳಂತೆ ಕಾಣುತ್ತದೆ. ಅರಿತವನು ಮೊದಲು ಯಾವ ವಲಯ ಎಂದು ನಿರ್ಧರಿಸುತ್ತಾನೆ, ಆಮೇಲೆ ಆ ವಲಯದೊಳಗೆ ಯಾವ ಪದ ಎಂದು ನೋಡುತ್ತಾನೆ.

ಈ ಎರಡನೆಯ ಆಯ್ಕೆ ಅರಬ್ಬಿಯದಲ್ಲ, ಇಂಗ್ಲಿಷಿನದು. ‘ಕೆಲಸ, ಸ್ಥಾನಗಳಿಂದ ತೆಗೆದುಹಾಕುವುದು’ ಎಂಬ ವಲಯವನ್ನು ಆರಿಸಿದಿರಿ ಎನ್ನೋಣ. ನೌಕರನನ್ನು ತೆಗೆದರೆ ಇಂಗ್ಲಿಷಿನಲ್ಲಿ ಡಿಸ್ಮಿಸಲ್. ವಿದ್ಯಾರ್ಥಿಯನ್ನು ಶಾಲೆಯಿಂದ ತೆಗೆದರೆ ಎಕ್ಸ್‌ಪಲ್ಶನ್. ಅರಬ್ಬಿಗೆ ಎರಡೂ ಫಸ್ಲ್. ಹಾಗೆಯೇ ‘ತರಗತಿ’ ವಲಯದಲ್ಲಿ, ಮಕ್ಕಳು ಫಸ್ಲನ್ನು ಗುಡಿಸಿದರೆ ಅದು ಕ್ಲಾಸ್‌ರೂಂ. ‘ದಹಿಕ ಅಲ್-ಫಸ್ಲ್ ಕುಲ್ಲುಹು’, ಅಂದರೆ ‘ಇಡೀ ತರಗತಿ ನಕ್ಕಿತು’ ಎಂದರೆ ಅದು ಕ್ಲಾಸ್. ನಗುವುದು ಕೋಣೆಯಲ್ಲ, ಮಕ್ಕಳು. ಈ ಎರಡು ಆಯ್ಕೆಗಳನ್ನು ಬೇರೆಬೇರೆಯಾಗಿ ಮಾಡಿಸಿದರೆ ವಿದ್ಯಾರ್ಥಿ ಎಡವಿದ್ದು ಅರಬ್ಬಿಯಲ್ಲೋ ಇಂಗ್ಲಿಷಿನಲ್ಲೋ ಎಂದು ಶಿಕ್ಷಕರಿಗೆ ತಿಳಿಯುತ್ತದೆ.

ನಾಲ್ಕನೆಯ ಹಂತ: ಉದಾಹರಣೆ ವಾಕ್ಯಗಳು

ನಿಘಂಟಿನ ಪಟ್ಟಿ ಏನೇನು ಸಾಧ್ಯ ಎಂದು ಹೇಳುತ್ತದೆ. ನಮ್ಮ ವಾಕ್ಯಕ್ಕೆ ಯಾವುದು ಹೊಂದುತ್ತದೆ ಎಂಬುದಕ್ಕೆ ಉದಾಹರಣೆ ವಾಕ್ಯ ಬೇಕು. ಆದರೆ ಅದೇ ಪದವಿರುವ ಯಾವುದೋ ಒಂದು ವಾಕ್ಯ ಸಿಕ್ಕರೆ ಸಾಲದು, ನೆರೆಯ ಪದಗಳೂ ನಮ್ಮ ವಾಕ್ಯದಂತೆಯೇ ಇರಬೇಕು.

‘ಫಸ್ಲ್ ದಿರಾಸಿ’ ಎಂಬ ಜೋಡಿ ಇದಕ್ಕೆ ಒಳ್ಳೆಯ ಉದಾಹರಣೆ. ‘ದಿರಾಸಿ’ ಎಂದರೆ ‘ಓದಿಗೆ ಸಂಬಂಧಿಸಿದ’. ‘ಅಲ್-ಫಸ್ಲ್ ಅದ್-ದಿರಾಸಿ ಅಲ್-ಅವ್ವಲ್’ ಎಂದರೆ ಮೊದಲ ಸೆಮಿಸ್ಟರ್. ಇದೊಂದೇ ಉದಾಹರಣೆಯನ್ನು ನೋಡಿದ ವಿದ್ಯಾರ್ಥಿ ಈ ಜೋಡಿಗೆ ಎಲ್ಲ ಕಡೆಯೂ ಸೆಮಿಸ್ಟರ್ ಎಂದೇ ಬರೆಯುತ್ತಾನೆ. ಆದರೆ ‘ಬಿನಾ ಇಶ್ರೀನ್ ಫಸ್ಲನ್ ದಿರಾಸಿಯ್ಯನ್’ ಎಂದರೆ 20 ತರಗತಿ ಕೋಣೆಗಳ ನಿರ್ಮಾಣ. ಸೆಮಿಸ್ಟರನ್ನು ಇಟ್ಟಿಗೆ ಇಟ್ಟು ಕಟ್ಟಲಾಗುವುದಿಲ್ಲ. ಆರಂಭ, ಅಂತ್ಯ, ಮೊದಲನೆಯ, ಎರಡನೆಯ ಎಂಬ ಪದಗಳು ಜೊತೆಗಿದ್ದರೆ ಕಾಲ. ಕಟ್ಟಡ, ಕಿಟಕಿ, ಸಂಖ್ಯೆ, ದಟ್ಟಣೆಗಳ ಪದಗಳು ಜೊತೆಗಿದ್ದರೆ ಕೋಣೆ. ಒಂದೊಂದು ಅರ್ಥಕ್ಕೂ ಕನಿಷ್ಠ ಎರಡು ಉದಾಹರಣೆಗಳನ್ನು ಸಂಗ್ರಹಿಸಲು ಹೇಳುವುದು ಇದಕ್ಕಾಗಿಯೇ.

ಊರಿನಿಂದ ಊರಿಗೆ ಬಳಕೆ ಬದಲಾಗುವುದನ್ನೂ ಗಮನಿಸಬೇಕು. ಈಜಿಪ್ಟಿನಲ್ಲಿ ತರಗತಿ ಕೋಣೆಗೆ ಫಸ್ಲ್ ಎಂಬುದೇ ರೂಢಿ. ಲೆಬನಾನ್, ಸಿರಿಯಾಗಳ ಕಡೆ ‘ಸಫ್ಫ್’ ಎಂಬ ಪದ ಹೆಚ್ಚು. ಆದ್ದರಿಂದ ಉದಾಹರಣೆ ವಾಕ್ಯ ಯಾವ ದೇಶದ ಬರಹದ್ದು ಎಂದು ತಿಳಿದಿದ್ದರೆ ಒಳ್ಳೆಯದು.

ಕೊನೆಯ ಪರೀಕ್ಷೆ ಬದಲಿ ಪದದ್ದು. ವಜಾ ಎಂದು ಅಂದಾಜಿಸಿದರೆ, ಫಸ್ಲ್ ಇರುವ ಜಾಗದಲ್ಲಿ ‘ಹೊರಹಾಕುವಿಕೆ’ ಎಂಬ ಅರ್ಥದ ‘ತರ್ದ್’ ಪದವನ್ನಿಟ್ಟು ಓದಬೇಕು. ಋತು ಎಂದು ಅಂದಾಜಿಸಿದರೆ ‘ಮವ್ಸಿಮ್’ ಇಟ್ಟು ಓದಬೇಕು. ಅರಬ್ಬಿ ವಾಕ್ಯ ನಿಲ್ಲದಿದ್ದರೆ ಅಂದಾಜು ತಪ್ಪು. ನಿಂತರೆ ಅಂದಾಜು ಸಾಧ್ಯ ಎಂದಷ್ಟೇ ಅರ್ಥ, ಏಕೆಂದರೆ ಇನ್ನೊಂದು ಬದಲಿ ಪದವೂ ಅಲ್ಲಿ ನಿಲ್ಲಬಹುದು. ಎರಡೂ ನಿಂತರೆ ಆ ಒಂದು ವಾಕ್ಯದಲ್ಲಿ ಉತ್ತರವಿಲ್ಲ. ಆಗ ಮುಂದಿನ ವಾಕ್ಯಕ್ಕೆ ಹೋಗಬೇಕು.

ಒಂದು ಪರಿಚ್ಛೇದದ ಮೇಲೆ ಪ್ರಯೋಗ

ಬೋಧನಾಭ್ಯಾಸಕ್ಕೆಂದು ರಚಿಸಿದ ಐದು ವಾಕ್ಯಗಳ ಈ ಪುಟ್ಟ ವರದಿಯಲ್ಲಿ ನಮ್ಮ ಪದ ನಾಲ್ಕು ಬಾರಿ ಬರುತ್ತದೆ:

1. ಫೀ ಬಿದಾಯತ್ ಅಲ್-ಫಸ್ಲ್ ಅದ್-ದಿರಾಸಿ ಅಸ್-ಸಾನಿ ಉಕಿದ ಇಜ್ತಿಮಾಅ್ ಫಿಲ್-ಮದ್ರಸಾ.
2. ಷಕಾ ಅಲ್-ಆಬಾ ಮಿನ್ ಇಜ್ದಿಹಾಮ್ ಅಲ್-ಫುಸೂಲ್.
3. ವ-ತಹದ್ದಸೂ ಅನ್ ಫಸ್ಲ್ ಮುಅಲ್ಲಿಮ್ ಅರ್-ರಿಯಾದಿಯ್ಯಾತ್.
4. ವ-ಕಾಲ ಅಲ್-ಮುದೀರ್ ಇನ್ನ ಅಲ್-ಕರಾರ್ ಸದರ ಲಿ-ಕಸ್ರತ್ ಗಿಯಾಬಿಹಿ.
5. ವ-ತುರಿಕ ಅಲ್-ಫಸ್ಲ್ ಫಿಲ್-ಅಮ್ರ್ ಲಿಲ್-ವಿಜಾರಾ.

ಮೊದಲ ವಾಕ್ಯದಲ್ಲಿ ‘ಬಿದಾಯತ್’ ಎಂದರೆ ಆರಂಭ, ‘ಸಾನಿ’ ಎಂದರೆ ಎರಡನೆಯ. ಇವೆರಡೂ ಕಾಲವನ್ನು ಹೇಳುವ ಪದಗಳು. ಆದ್ದರಿಂದ ಇದು ಶಾಲಾ ವರ್ಷದ ಭಾಗ. ‘ಮದ್ರಸಾ’, ಅಂದರೆ ಶಾಲೆ, ಎಂದಿರುವುದರಿಂದ ಇಂಗ್ಲಿಷಿನಲ್ಲಿ ಟರ್ಮ್ ಒಪ್ಪುತ್ತದೆ. ಕಾಲೇಜಾಗಿದ್ದರೆ ಸೆಮಿಸ್ಟರ್ ಹೆಚ್ಚು ಸಹಜ. ಶಾಲೆಯ ಎರಡನೆಯ ಅವಧಿಯ ಆರಂಭದಲ್ಲಿ ಒಂದು ಸಭೆ ನಡೆಯಿತು ಎಂಬುದು ವಾಕ್ಯದ ಅರ್ಥ.

ಎರಡನೆಯದರಲ್ಲಿ ಪದ ಬಹುವಚನದಲ್ಲಿದೆ. ಆದ್ದರಿಂದ ವಜಾ, ತೀರ್ಪುಗಳು ಪಟ್ಟಿಯಿಂದ ಹೊರಗೆ. ‘ಇಜ್ದಿಹಾಮ್’ ಎಂದರೆ ದಟ್ಟಣೆ. ಋತುವಾಗಲಿ ಅಧ್ಯಾಯವಾಗಲಿ ಕಿಕ್ಕಿರಿಯುವುದಿಲ್ಲ, ತರಗತಿ ಕಿಕ್ಕಿರಿಯುತ್ತದೆ. ಪಾಲಕರು ತರಗತಿಗಳಲ್ಲಿ ಮಕ್ಕಳು ಕಿಕ್ಕಿರಿದಿರುವುದರ ಬಗ್ಗೆ ದೂರಿದರು.

ಮೂರನೆಯದು ಈ ಪಾಠದ ತಿರುಳು. ‘ಅವರು ಗಣಿತ ಶಿಕ್ಷಕರ ಫಸ್ಲ್ ಬಗ್ಗೆ ಮಾತಾಡಿದರು.’ ಇಲ್ಲಿ ‘ಅನ್’ ಇದೆ, ಆದರೆ ಅದು ಫಸ್ಲ್‌ಗಿಂತ ಮೊದಲು ಬಂದು ‘ಮಾತಾಡಿದರು’ ಎಂಬ ಕ್ರಿಯಾಪದಕ್ಕೆ ಸೇರಿದೆ. ಹಾಗಾಗಿ ಅದು ಬೇರ್ಪಡಿಸುವಿಕೆಯ ಗುರುತಲ್ಲ. ತರಗತಿಯ ಬಗ್ಗೆಯೂ ಮಾತಾಡಬಹುದು, ವಜಾದ ಬಗ್ಗೆಯೂ ಮಾತಾಡಬಹುದು. ಬದಲಿ ಪದಗಳನ್ನಿಟ್ಟರೆ ಎರಡೂ ನಿಲ್ಲುತ್ತವೆ. ಹಿಂದಿನ ವಾಕ್ಯದಲ್ಲಿ ತರಗತಿಗಳ ಮಾತು ಬಂದಿರುವುದರಿಂದ ವಿದ್ಯಾರ್ಥಿ ಇಲ್ಲೂ ತರಗತಿ ಎಂದೇ ಬರೆಯಲು ವಾಲುತ್ತಾನೆ. ಅದು ಸರಾಗವಾಗಿಯೂ ಓದುತ್ತದೆ. ಇಲ್ಲಿ ಪೆನ್ಸಿಲಿನಿಂದ ಎರಡೂ ಅರ್ಥಗಳನ್ನು ಅಂಚಿನಲ್ಲಿ ಬರೆದು ಮುಂದೆ ಹೋಗುವುದೇ ಸರಿಯಾದ ಕ್ರಮ.

ನಾಲ್ಕನೆಯದರಲ್ಲಿ ಫಸ್ಲ್ ಇಲ್ಲ, ಆದರೆ ಉತ್ತರ ಇಲ್ಲಿದೆ. ‘ಅವರ ಗೈರುಹಾಜರಿ ಹೆಚ್ಚಾದ್ದರಿಂದ ಆ ತೀರ್ಮಾನ ಹೊರಬಿತ್ತು ಎಂದು ಮುಖ್ಯೋಪಾಧ್ಯಾಯರು ಹೇಳಿದರು.’ ‘ಅಲ್-ಕರಾರ್’ ಎಂಬುದಕ್ಕೆ ‘ಅಲ್’ ಹತ್ತಿದೆ, ಅಂದರೆ ಓದುಗನಿಗೆ ಆಗಲೇ ತಿಳಿದಿರುವ ತೀರ್ಮಾನ. ಆದರೆ ಹಿಂದೆ ಯಾವ ತೀರ್ಮಾನದ ಮಾತು ಬಂದಿತ್ತು? ಮೂರನೆಯ ವಾಕ್ಯದ ಫಸ್ಲ್ ವಜಾ ಆಗಿದ್ದರೆ ಮಾತ್ರ ಈ ‘ಅಲ್’ಗೆ ನೆಲೆ ಸಿಗುತ್ತದೆ. ಕಾರಣವೂ ಹೊಂದುತ್ತದೆ. ಆದ್ದರಿಂದ ಮೂರನೆಯದಕ್ಕೆ ಹಿಂತಿರುಗಿ ಡಿಸ್ಮಿಸಲ್ ಎಂದು ಬರೆಯಬೇಕು. ಇಲ್ಲಿನ ‘ಕರಾರ್’ ನಮ್ಮ ‘ಕರಾರು’ ಅಲ್ಲ ಎಂಬುದನ್ನೂ ಹೇಳಿಬಿಡಬೇಕು. ಕನ್ನಡದಲ್ಲಿ ಅದು ಒಪ್ಪಂದ, ಇಲ್ಲಿ ತೀರ್ಮಾನ.

ಐದನೆಯದರಲ್ಲಿ ‘ಅಲ್-ಫಸ್ಲ್ ಫಿಲ್-ಅಮ್ರ್’. ‘ಫೀ’ ನಂತರ ‘ಅಮ್ರ್’, ಅಂದರೆ ವಿಷಯ, ಬಂದಿದೆ. ಆ ವಿಷಯವನ್ನು ಸಚಿವಾಲಯಕ್ಕೆ ಬಿಡಲಾಗಿದೆ. ಇದು ತೀರ್ಪಿನ ಅರ್ಥ. ನ್ಯಾಯಾಲಯವಲ್ಲದೆ ಸಚಿವಾಲಯವಾದ್ದರಿಂದ ಇಂಗ್ಲಿಷಿನಲ್ಲಿ ರೂಲಿಂಗ್‌ಗಿಂತ ‘ಫೈನಲ್ ಡಿಸಿಷನ್’ ಒಪ್ಪುತ್ತದೆ. ಮೂರನೆಯ ವಾಕ್ಯದಲ್ಲಿ ವಜಾ ಸಿಕ್ಕಿತೆಂದು ಇಲ್ಲೂ ವಜಾ ಎಂದು ಬರೆದರೆ, ಅಂತಿಮವಾಗಿ ಇನ್ನೂ ಇತ್ಯರ್ಥವಾಗದ ವಿಷಯ ವಜಾದ ಆದೇಶವಾಗಿ ಬದಲಾಗುತ್ತದೆ. ಒಂದು ಪರಿಚ್ಛೇದದಲ್ಲಿ ಪದಕ್ಕೆ ಒಮ್ಮೆ ಸಿಕ್ಕ ಅರ್ಥ ಕೊನೆಯವರೆಗೂ ಇರುತ್ತದೆಂದು ನಂಬಬಾರದು.

ಪಾಠಯೋಜನೆಯಲ್ಲಿ ಹೇಗೆ?

ಇಷ್ಟನ್ನೂ 40 ನಿಮಿಷಗಳ ಒಂದು ಅವಧಿಗೆ ತುರುಕಬಾರದು. ಮೊದಲ ಅವಧಿಗೆ ಹಲಗೆಯ ಮೇಲಿನ ಆ ಎರಡು ಸಾಲುಗಳು, ಬಹುವಚನದ ಗುರುತು, ಅವ್ಯಯಗಳ ಗುರುತು ಸಾಕು. ನಿಘಂಟು, ಬದಲಿ ಪದದ ಪರೀಕ್ಷೆ ಎರಡನೆಯ ಅವಧಿಗೆ. ಪರಿಚ್ಛೇದ ಮೂರನೆಯದಕ್ಕೆ.

ಪ್ರಶ್ನೆ ಕೇಳುವಾಗ ‘ಇದರ ಅರ್ಥವೇನು?’ ಎಂಬುದರ ಜೊತೆ ‘ಯಾವ ಪದದಿಂದ ತಿಳಿಯಿತು?’ ಎಂದೂ ಕೇಳಬೇಕು. ಮೌಲ್ಯಮಾಪನದಲ್ಲಿಯೂ ಹೀಗೆಯೇ. ಪ್ರತಿ ವಾಕ್ಯಕ್ಕೆ ಎರಡು ಅಂಕವಿದ್ದರೆ ಒಂದು ಸರಿಯಾದ ಇಂಗ್ಲಿಷ್ ಪದಕ್ಕೆ, ಇನ್ನೊಂದು ಆಧಾರದ ಪದಕ್ಕೆ ಗೆರೆ ಎಳೆದಿದ್ದಕ್ಕೆ. ಅರ್ಥ ಸರಿಯಿದ್ದು ಗೆರೆ ತಪ್ಪಿದ್ದರೆ ಅದು ಅದೃಷ್ಟದ ಉತ್ತರ, ಮುಂದಿನ ವಾಕ್ಯದಲ್ಲಿ ಕೈಕೊಡುತ್ತದೆ. ಗೆರೆ ಸರಿಯಿದ್ದು ಇಂಗ್ಲಿಷ್ ಪದ ತಪ್ಪಿದ್ದರೆ ಆ ವಿದ್ಯಾರ್ಥಿಗೆ ಅರಬ್ಬಿ ಅರ್ಥವಾಗಿದೆ, ಡಿಸ್ಮಿಸಲ್ ಮತ್ತು ಎಕ್ಸ್‌ಪಲ್ಶನ್‌ಗಳ ವ್ಯತ್ಯಾಸವನ್ನಷ್ಟೇ ತಿಳಿಸಿದರೆ ಸಾಕು. ಪಾಠ ವೀಕ್ಷಿಸುವ ಅಧ್ಯಾಪಕರೂ ಟಿಪ್ಪಣಿ ಪುಸ್ತಕದಲ್ಲಿ ಇದನ್ನೇ ಗುರುತಿಸಬಹುದು: ಮೂರನೆಯ ವಾಕ್ಯಕ್ಕೆ ಬಂದಾಗ ಪ್ರಶಿಕ್ಷಣಾರ್ಥಿ ಉತ್ತರವನ್ನು ತಾವೇ ಹೇಳಿಬಿಟ್ಟರೇ, ಅಥವಾ ಎರಡೂ ಅರ್ಥಗಳನ್ನು ಹಲಗೆಯ ಮೇಲೆ ಬಿಟ್ಟು ನಾಲ್ಕನೆಯ ವಾಕ್ಯದವರೆಗೆ ತರಗತಿಯನ್ನು ಕಾಯಿಸಿದರೇ?